3.9 ದೊಡ್ಡದೋ, 3.85 ದೊಡ್ಡದೋ: ಒಂದು ಅವಧಿಯ ಪಾಠವನ್ನು ಕೊನೆಯಿಂದ ಹಿಂದಕ್ಕೆ ಕಟ್ಟುವ ಬಗೆ

ಪಾಠ ಯೋಜನೆಯ ಪುಸ್ತಕವನ್ನು ನಾವೆಲ್ಲ ಮೇಲಿನಿಂದ ಕೆಳಕ್ಕೆ ತುಂಬುತ್ತೇವೆ. ಮೊದಲು ಪೀಠಿಕೆ, ಆಮೇಲೆ ವಿವರಣೆ, ಆಮೇಲೆ ಅಭ್ಯಾಸ. ಕೊನೆಯ ಅಂಕಣ ಮೌಲ್ಯಮಾಪನಕ್ಕೆ ಬರುವ ಹೊತ್ತಿಗೆ ಕೈ ದಣಿದಿರುತ್ತದೆ. ಅಲ್ಲಿ ‘ಪ್ರಶ್ನೆಗಳನ್ನು ಕೇಳುವುದು’ ಎಂದು ಬರೆದು ಸಹಿ ಹಾಕಿಸಿಕೊಳ್ಳುತ್ತೇವೆ. ಪಾಠವೂ ಹಾಗೆಯೇ ನಡೆಯುತ್ತದೆ. ಆರಂಭ ಚೆನ್ನಾಗಿರುತ್ತದೆ, ನಡುವೆ ಅವಸರವಾಗುತ್ತದೆ, ಗಂಟೆ ಬಾರಿಸುವಾಗ ‘ಅರ್ಥವಾಯಿತೇ?’ ಎಂದು ಕೇಳುತ್ತೇವೆ. ‘ಆಯಿತು ಸಾರ್’ ಎಂದು ಮೂವತ್ತು ಮಕ್ಕಳು ಒಟ್ಟಿಗೆ ಹೇಳುತ್ತಾರೆ. ಆ ಉತ್ತರದಿಂದ ತಿಳಿಯುವುದು ಅವಧಿ ಮುಗಿಯಿತು ಎಂಬುದೊಂದೇ.

ಇಲ್ಲಿ ಆರನೇ ಅಥವಾ ಏಳನೇ ತರಗತಿಯ ಒಂದೇ ಒಂದು ಗಣಿತ ಪಾಠವನ್ನು ತೆಗೆದುಕೊಂಡು, ಅದನ್ನು ತಿರುವುಮುರುವಾಗಿ ಕಟ್ಟುವುದು ಹೇಗೆಂದು ನೋಡೋಣ. ಮೊದಲು ಕೊನೆಯ ಪರೀಕ್ಷೆ, ಅದಕ್ಕೆ ತಕ್ಕಂತೆ ಜೊತೆಯಾಗಿ ಮಾಡುವ ಅಭ್ಯಾಸ, ಎಲ್ಲಕ್ಕಿಂತ ಕೊನೆಗೆ ಪೀಠಿಕೆ. ತರಗತಿಯಲ್ಲಿ ಇವು ಎಂದಿನ ಕ್ರಮದಲ್ಲೇ ಬರುತ್ತವೆ, ತಯಾರಿ ಮಾತ್ರ ಹಿಂದುಮುಂದು. ಪಾಠದ ವಿಷಯ ದಶಮಾಂಶ ಸಂಖ್ಯೆಗಳನ್ನು ಹೋಲಿಸುವುದು. ನಿದರ್ಶನಕ್ಕೆ ಕೋಲಾರ ಜಿಲ್ಲೆಯ ಒಂದು ಹಳ್ಳಿಯ ಶಾಲೆ, 32 ಮಕ್ಕಳು, 40 ನಿಮಿಷದ ಅವಧಿ.

ಮೊದಲ ಹೆಜ್ಜೆ: ಮಕ್ಕಳು ಎಲ್ಲಿ ತಪ್ಪುತ್ತಾರೆ ಎಂಬುದನ್ನು ಹಿಡಿಯಿರಿ

3.9 ಮತ್ತು 3.85ರಲ್ಲಿ ಯಾವುದು ದೊಡ್ಡದು ಎಂದರೆ ಬಹಳ ಮಕ್ಕಳು 3.85 ಎನ್ನುತ್ತಾರೆ. ಕಾರಣ ಸರಳ: 85 ಎನ್ನುವುದು 9ಕ್ಕಿಂತ ದೊಡ್ಡದು. ಚುಕ್ಕಿಯ ಬಲಗಡೆ ಇರುವುದನ್ನು ಅವರು ಇನ್ನೊಂದು ಪೂರ್ಣ ಸಂಖ್ಯೆಯಂತೆ ಓದುತ್ತಿದ್ದಾರೆ. ಇದು ಅಜಾಗರೂಕತೆಯ ತಪ್ಪಲ್ಲ, ಅವರ ಮನಸ್ಸಿನಲ್ಲಿರುವ ಒಂದು ನಿಯಮ. ಅದಕ್ಕೆ ‘ಉದ್ದದ್ದು ದೊಡ್ಡದು’ ಎಂದು ಹೆಸರಿಡೋಣ.

ಇದಕ್ಕೆ ಎದುರಾದ ಇನ್ನೊಂದು ನಿಯಮವೂ ಇದೆ. ಹತ್ತನೇ ಒಂದು ಭಾಗ ನೂರನೇ ಒಂದು ಭಾಗಕ್ಕಿಂತ ದೊಡ್ಡದು ಎಂದು ಕಲಿತ ಮಗು, ಹಾಗಾದರೆ ಚುಕ್ಕಿಯ ನಂತರ ಅಂಕಿಗಳು ಕಡಿಮೆ ಇರುವುದೇ ಯಾವಾಗಲೂ ದೊಡ್ಡದು ಎಂದುಕೊಳ್ಳುತ್ತದೆ. ಅದಕ್ಕೆ 2.38ಕ್ಕಿಂತ 2.3 ದೊಡ್ಡದಾಗಿ ಕಾಣುತ್ತದೆ. ಇದು ‘ಚಿಕ್ಕದ್ದು ದೊಡ್ಡದು’ ಎನ್ನುವ ನಿಯಮ.

ಈ ಎರಡನೆಯ ಮಗುವಿಗೆ 3.9 ಮತ್ತು 3.85 ಕೊಟ್ಟರೆ ಸರಿ ಉತ್ತರವೇ ಬರುತ್ತದೆ. ತಪ್ಪು ದಾರಿಯಲ್ಲಿ ನಡೆದು ಸರಿಯಾದ ಊರು ಸೇರಿರುತ್ತದೆ. ನೀವು ಕೇಳುವ ಪ್ರಶ್ನೆಗಳೆಲ್ಲ ಇದೇ ಜಾತಿಯವಾದರೆ ಆ ಮಗು ನಿಮಗೆ ಕಾಣಿಸುವುದೇ ಇಲ್ಲ. ಪಾಠದ ಉಳಿದ ತಯಾರಿಯೆಲ್ಲ ಈ ಒಂದು ವಿಷಯದ ಸುತ್ತ ತಿರುಗುತ್ತದೆ.

ಎರಡನೇ ಹೆಜ್ಜೆ: ಕೊನೆಯ ಚೀಟಿಯನ್ನು ಮೊದಲು ಬರೆಯಿರಿ

ಅವಧಿಯ ಕೊನೆಯ ಆರು ನಿಮಿಷ, ಮಕ್ಕಳು ಒಬ್ಬೊಬ್ಬರೇ ಉತ್ತರ ಬರೆದುಕೊಡುವ ಚೀಟಿಗೆ ಮೀಸಲು. ಹಳೆಯ ನೋಟ್‌ಪುಸ್ತಕದಲ್ಲಿ ಉಳಿದ ಹಾಳೆಗಳನ್ನು ನಾಲ್ಕು ಭಾಗ ಮಾಡಿಕೊಂಡರೆ ಸಾಕು. ಪ್ರಶ್ನೆ ಮೂರೇ:

1. ಯಾವುದು ದೊಡ್ಡದು? 6.7, 6.64
2. ಯಾವುದು ದೊಡ್ಡದು? 2.3, 2.38
3. 5.1 ಮತ್ತು 5.2ರ ನಡುವೆ ಬರುವ ಒಂದು ಸಂಖ್ಯೆಯನ್ನು ಬರೆಯಿರಿ.

ಮೊದಲನೆಯದರಲ್ಲಿ ‘ಉದ್ದದ್ದು ದೊಡ್ಡದು’ ಎನ್ನುವ ಮಗು ಸಿಕ್ಕಿಬೀಳುತ್ತದೆ, ಎರಡನೆಯದರಲ್ಲಿ ‘ಚಿಕ್ಕದ್ದು ದೊಡ್ಡದು’ ಎನ್ನುವ ಮಗು. ಆದರೆ ಎರಡಕ್ಕೂ ಉತ್ತರ ಇದು ಇಲ್ಲವೇ ಅದು. ಏನೂ ತಿಳಿಯದೆ ಊಹಿಸಿದರೂ ನಾಲ್ವರಲ್ಲಿ ಒಬ್ಬರಿಗೆ ಎರಡೂ ಸರಿಯಾಗಿಬಿಡಬಹುದು. ಅದಕ್ಕೇ ಮೂರನೆಯದು, ಊಹೆಗೆ ಸಿಗದ ಪ್ರಶ್ನೆ. ಚುಕ್ಕಿಯ ಬಲಗಡೆಯನ್ನು ಪೂರ್ಣ ಸಂಖ್ಯೆ ಎಂದುಕೊಂಡವರಿಗೆ 1 ಮತ್ತು 2ರ ನಡುವೆ ಏನೂ ಇರುವುದಿಲ್ಲ. ಅವರು ‘ಇಲ್ಲ’ ಎಂದು ಬರೆಯುತ್ತಾರೆ, ಇಲ್ಲವೇ ಖಾಲಿ ಬಿಡುತ್ತಾರೆ.

ಈ ಮೂರು ಪ್ರಶ್ನೆಗಳಲ್ಲಿ ಬಂದ ಸಂಖ್ಯೆಗಳು ಪಾಠದಲ್ಲಿ ಬೇರೆಲ್ಲೂ ಬರಕೂಡದು. ಬಂದರೆ ನೀವು ನೋಡುವುದು ನೆನಪನ್ನು.

ಮೂರನೇ ಹೆಜ್ಜೆ: ಜೊತೆಯಾಗಿ ಮಾಡುವ ಲೆಕ್ಕಗಳ ಸರದಿ

ಪಾಠದ ಹೊಟ್ಟೆ ಇರುವುದು ಇಲ್ಲಿ, ಹದಿನೈದು ನಿಮಿಷ ಇದಕ್ಕೇ ಬೇಕು. ಅದಕ್ಕೆ ಮುಂಚೆ ಎಂಟು ನಿಮಿಷ ನೀವೇ ಮಾಡಿ ತೋರಿಸುವ ಭಾಗ ಇರುತ್ತದೆ. ಅದನ್ನೂ ಇದರೊಡನೆಯೇ ನೋಡಿಬಿಡೋಣ.

ಕಪ್ಪು ಹಲಗೆಯ ಮೇಲೆ ಒಂದು ಮೀಟರ್ ಉದ್ದದ ಗೆರೆ ಎಳೆಯಿರಿ. ಎಡತುದಿಗೆ 3, ಬಲತುದಿಗೆ 4. ಹತ್ತು ಸೆಂಟಿಮೀಟರಿಗೊಂದು ಗುರುತು ಹಾಕಿ 3.1, 3.2 ಎಂದು ಬರೆಯುತ್ತಾ ಹೋಗಿ. ಈಗ 3.8 ಮತ್ತು 3.9ರ ನಡುವಿನ ತುಂಡನ್ನು ಮಾತ್ರ ಬಣ್ಣದ ಸೀಮೆಸುಣ್ಣದಿಂದ ಮತ್ತೆ ಹತ್ತು ಭಾಗ ಮಾಡಿ. ಐದನೆಯ ಪುಟ್ಟ ಗೆರೆಯೇ 3.85. ಅದು 3.9ಕ್ಕಿಂತ ಹಿಂದೆಯೇ ನಿಂತಿರುವುದು ಎಲ್ಲರಿಗೂ ಕಾಣುತ್ತದೆ. ಇದನ್ನು ಮಾಡುವಾಗ ನೀವು ಯೋಚಿಸುತ್ತಿರುವುದನ್ನು ಬಾಯಿಬಿಟ್ಟು ಹೇಳಿ: ‘ಮೊದಲು ಪೂರ್ಣ ಭಾಗ ನೋಡುತ್ತೇನೆ, ಎರಡೂ 3. ಆಮೇಲೆ ಹತ್ತನೇ ಭಾಗ, ಒಂದರಲ್ಲಿ 9, ಇನ್ನೊಂದರಲ್ಲಿ 8. ಇಲ್ಲಿಯೇ ತೀರ್ಮಾನವಾಯಿತು, ಮುಂದಿನ ಅಂಕಿ ನೋಡುವ ಅಗತ್ಯವೇ ಇಲ್ಲ.’

ಹಲಗೆಯ ಬದಲು ಒಂದು ಮೀಟರಿನ ಅಳತೆಪಟ್ಟಿಯನ್ನೇ ಮಕ್ಕಳ ಕೈಗೆ ಕೊಟ್ಟು, ಎಡತುದಿ 3, ಬಲತುದಿ 4 ಎಂದುಕೊಳ್ಳಿ ಎನ್ನುವ ಆಸೆ ಬರುತ್ತದೆ. ಕೊಡಬಹುದು, ಆದರೆ ಮೊದಲಿಗೇ ಬೇಡ. ಸೆಂಟಿಮೀಟರ್ ಅಂಕಿಗಳು ಕಾಣುತ್ತಿದ್ದರೆ 3.9ನ್ನು ತೋರಿಸು ಎಂದಾಗ ಕೆಲವು ಮಕ್ಕಳು 9 ಸೆಂಟಿಮೀಟರಿನ ಮೇಲೆ ಬೆರಳಿಡುತ್ತಾರೆ, 3.85ಕ್ಕೆ 85ರ ಮೇಲೆ. ಅವರ ನಿಯಮಕ್ಕೆ ಪಟ್ಟಿಯೇ ಸಾಕ್ಷಿ ಹೇಳಿದಂತಾಗುತ್ತದೆ. ಹತ್ತು ಭಾಗ ಮೊದಲು ಮನಸ್ಸಿನಲ್ಲಿ ಕೂತ ಮೇಲೆ ಪಟ್ಟಿ ಕೊಟ್ಟರೆ, 3.9 ಎಂದರೆ 90ರ ಗುರುತು ಎಂದು ಅವರೇ ಕಂಡುಕೊಳ್ಳುತ್ತಾರೆ.

ಆಮೇಲೆ ಜೊತೆಯಾಗಿ ಮಾಡುವ ನಾಲ್ಕು ಲೆಕ್ಕಗಳು. ಎಷ್ಟು ಎನ್ನುವುದಕ್ಕಿಂತ ಯಾವ ಸರದಿಯಲ್ಲಿ ಎನ್ನುವುದು ಮುಖ್ಯ.

ಮೊದಲನೆಯದು 4.2 ಮತ್ತು 4.15. ಇದು ನೀವು ತೋರಿಸಿದ ಲೆಕ್ಕದ ತಮ್ಮ, ಧೈರ್ಯಕ್ಕೆ. ಹಲಗೆಯ ಗೆರೆಗೆ 4 ಮತ್ತು 5 ಎಂದು ಹೊಸ ಅಂಕಿ ಕೊಟ್ಟು, ಅದನ್ನು ಮುಟ್ಟಿ ತೋರಿಸುತ್ತಾ ಮಾಡಿಸಿ.

ಎರಡನೆಯದೇ 4.3 ಮತ್ತು 4.37 ಆಗಿರಲಿ. ಸಾಮಾನ್ಯವಾಗಿ ನಾವು ಮೊದಲನೆಯದರಂಥವನ್ನೇ ನಾಲ್ಕೈದು ಮಾಡಿಸಿ ‘ಪಾಠ ಹಿಡಿಯಿತು’ ಎಂದುಕೊಳ್ಳುತ್ತೇವೆ. ಸತತವಾಗಿ ಅಂಕಿ ಕಡಿಮೆ ಇರುವ ಸಂಖ್ಯೆಯೇ ಗೆದ್ದರೆ ಮಕ್ಕಳು ‘ಓಹೋ, ಅಂಕಿ ಕಡಿಮೆ ಇದ್ದರೆ ದೊಡ್ಡದು’ ಎಂಬ ಹೊಸ ನಿಯಮವನ್ನು ಅಲ್ಲೇ ಹೊಲಿದುಕೊಳ್ಳುತ್ತಾರೆ. ಒಂದು ತಪ್ಪನ್ನು ಬಿಡಿಸಲು ಹೋಗಿ ಇನ್ನೊಂದನ್ನು ನಾವೇ ಕಲಿಸಿದಂತೆ. ಆದ್ದರಿಂದ ಎರಡನೆಯದರಲ್ಲೇ ಗಾಳಿ ತಿರುಗಲಿ. ಗೆರೆ ಹಲಗೆಯ ಮೇಲಿರಲಿ, ನೀವು ಮಾತ್ರ ಅದನ್ನು ಮುಟ್ಟಬೇಡಿ.

ಮೂರನೆಯದು 4.05 ಮತ್ತು 4.5. ಈಗ ಗೆರೆ ಅಳಿಸಿ. ಸೊನ್ನೆಗೆ ಬೆಲೆಯಿಲ್ಲ ಎಂದುಕೊಂಡ ಮಗು ‘ಎರಡೂ ಒಂದೇ’ ಎನ್ನುತ್ತದೆ. ನಾಲ್ಕನೆಯದು 4.5 ಮತ್ತು 4.50. ಇದರಲ್ಲಿ ಎರಡೂ ತಪ್ಪು ನಿಯಮಗಳು ಒಟ್ಟಿಗೆ ಹೊರಬರುತ್ತವೆ, ಒಬ್ಬರು 4.50 ಎನ್ನುತ್ತಾರೆ, ಇನ್ನೊಬ್ಬರು 4.5 ಎನ್ನುತ್ತಾರೆ. ಸರಿ ಉತ್ತರ ಕೊಟ್ಟವರಿಂದ ಕಾರಣವನ್ನೂ ಒಂದು ವಾಕ್ಯದಲ್ಲಿ ಬರೆಸಿ.

ಉತ್ತರ ಪಡೆಯುವ ಬಗೆಗೂ ಒಂದು ಶಿಸ್ತು ಬೇಕು. ಕೈ ಎತ್ತಿದವರನ್ನು ಕೇಳಿದರೆ ಮುಂದಿನ ಸಾಲಿನ ನಾಲ್ವರು ಇಡೀ ತರಗತಿಯ ಪರವಾಗಿ ಉತ್ತರಿಸುತ್ತಾರೆ. ಅದರ ಬದಲು ಎಲ್ಲರೂ ಒಂದೇ ಹೊತ್ತಿಗೆ ಎದೆಯ ಮುಂದೆ ಬೆರಳು ಹಿಡಿಯಲಿ: ಮೊದಲನೆಯ ಸಂಖ್ಯೆ ದೊಡ್ಡದಾದರೆ ಒಂದು ಬೆರಳು, ಎರಡನೆಯದಾದರೆ ಎರಡು, ಸಮವಾದರೆ ಮುಷ್ಟಿ. ಪ್ರಶ್ನೆ ಬರೆದ ಮೇಲೆ ಸುಮ್ಮನೆ ಕಾಯಿರಿ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡ್ ಅಥವಾ ಹೆಚ್ಚು ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿ ತೆರೆಯುತ್ತಾರೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಈ ಲೆಕ್ಕಗಳಿಗೆ ಐದು ಸೆಕೆಂಡ್ ಕೊಡಿ. ಆಮೇಲೆ ‘ಹಿಡಿಯಿರಿ’ ಎಂದಾಗ ಮಾತ್ರ ಬೆರಳು ಏಳಬೇಕು. ಪಕ್ಕದವರ ಬೆರಳನ್ನು ನೋಡಿ ತನ್ನದನ್ನು ಬದಲಿಸುವ ಮಗು ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ಅದನ್ನು ಗದರಿಸಬೇಡಿ, ಮುಂದಿನ ಲೆಕ್ಕದ ವೇಳೆ ಅದರ ಪಕ್ಕದಲ್ಲಿ ನಿಂತುಕೊಳ್ಳಿ.

ಬೆರಳು ನೋಡಿದ ಮೇಲೆ ಕಾರಣ ಕೇಳಿ, ಮೊದಲು ಸರಿ ಉತ್ತರದವರನ್ನೇ. ‘ಹೇಗೆ ಗೊತ್ತಾಯಿತು?’ ಎಂಬ ಪ್ರಶ್ನೆ ತಪ್ಪಿದವರಿಗೆ ಮಾತ್ರ ಬಂದರೆ, ಅದು ಬಂತೆಂದರೆ ಉತ್ತರ ತಪ್ಪು ಎಂದು ಮಕ್ಕಳು ಬೇಗ ಕಲಿತುಬಿಡುತ್ತಾರೆ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ, ಪಾವಗಡದ ಕಡೆ ಮನೆಯಲ್ಲಿ ತೆಲುಗು ಆಡುವ ಮಕ್ಕಳು ಬಹಳ. ಕಾರಣ ಹೇಳುವಾಗ ಅವರ ಮಾತು ತೆಲುಗಿಗೆ ಹೊರಳಿದರೆ ತಡೆಯಬೇಡಿ. ಅವರು ಹೇಳಿದ್ದನ್ನು ಕನ್ನಡದಲ್ಲಿ ನೀವೊಮ್ಮೆ ಹೇಳಿ, ಅವರಿಂದಲೂ ಹೇಳಿಸಿದರೆ ಸಾಕು.

ಮುಂದಕ್ಕೆ ಹೋಗಬೇಕೋ ನಿಲ್ಲಬೇಕೋ? ಜೊತೆಯಾಗಿ ಅಭ್ಯಾಸ ಮಾಡುವ ಹಂತದಲ್ಲಿ ಸುಮಾರು ಶೇ 80ರಷ್ಟು ಉತ್ತರ ಸರಿ ಬರುತ್ತಿರಬೇಕು ಎನ್ನುವುದು ಬರಾಕ್ ರೋಸೆನ್‌ಶೈನ್ ಎಂಬ ಶಿಕ್ಷಣ ತಜ್ಞರು ಸಂಶೋಧನೆಗಳನ್ನು ಒಟ್ಟುಗೂಡಿಸಿ ಕೊಟ್ಟ ಅಂದಾಜು. ನಮ್ಮ 32 ಮಕ್ಕಳಲ್ಲಿ ಅದು ಹೆಚ್ಚುಕಡಿಮೆ 26. ನಾಲ್ಕನೆಯ ಲೆಕ್ಕದಲ್ಲಿ ಹತ್ತು ಬೆರಳು ತಪ್ಪಾಗಿದ್ದರೆ ಪಠ್ಯಪುಸ್ತಕದ ಅಭ್ಯಾಸಕ್ಕೆ ಹೋಗಬೇಡಿ. ಗೆರೆಯನ್ನು ಮತ್ತೆ ಎಳೆದು, 4.37ರಂಥ ಇನ್ನೊಂದು ಜೋಡಿ ಕೊಡಿ. ಸ್ವತಃ ಮಾಡುವ ಅಭ್ಯಾಸದ ಆರು ನಿಮಿಷ ಅದಕ್ಕೆ ಹೋದರೂ ಚಿಂತೆಯಿಲ್ಲ, ಅದು ಮನೆಗೆಲಸವಾಗಬಹುದು. ಚೀಟಿಯ ಆರು ನಿಮಿಷಕ್ಕೆ ಮಾತ್ರ ಕೈ ಹಾಕಬೇಡಿ.

ಬಲಗಡೆ ಸೊನ್ನೆ ಸೇರಿಸಿ 3.90, 3.85 ಎಂದು ಸರಿದೂಗಿಸುವ ಉಪಾಯವನ್ನು ನಾನು ಈ ಪಾಠದಲ್ಲಿ ಹೇಳಿಕೊಡುವುದಿಲ್ಲ. ಅದು ಸರಿಯಾದ ಉಪಾಯವೇ, ಉತ್ತರವೂ ಬರುತ್ತದೆ. ಆದರೆ ಮಗು 90 ಮತ್ತು 85 ಎಂಬ ಪೂರ್ಣ ಸಂಖ್ಯೆಗಳನ್ನೇ ಹೋಲಿಸುತ್ತಿರುತ್ತದೆ, ಒಳಗಿನ ನಿಯಮ ಹಾಗೇ ಉಳಿಯುತ್ತದೆ. 4.5 ಮತ್ತು 4.50 ಏಕೆ ಸಮ ಎಂದು ತಿಳಿದ ಮೇಲೆ, ಮಾರನೆಯ ದಿನ, ಧಾರಾಳವಾಗಿ ಕೊಡಿ.

ನಾಲ್ಕನೇ ಹೆಜ್ಜೆ: ಪೀಠಿಕೆ, ಐದೇ ನಿಮಿಷ

ಕೊನೆ ಎಲ್ಲಿ, ನಡು ಎಲ್ಲಿ ಎಂದು ಗೊತ್ತಾದ ಮೇಲೆ ಪೀಠಿಕೆ ತಾನಾಗಿ ಸಿಗುತ್ತದೆ. ಪೀಠಿಕೆಯ ಕೆಲಸ ನಗಿಸುವುದಲ್ಲ, ಆ ತಪ್ಪು ನಿಯಮವನ್ನು ಮಗುವಿನ ಒಳಗಿನಿಂದ ಹೊರಗೆಳೆದು ಕಾಗದದ ಮೇಲೆ ಇಡಿಸುವುದು.

ಈ ಕಡೆ ಡೈರಿಯ ಹಾಲು ಎಲ್ಲರಿಗೂ ಪರಿಚಿತ. ಶಾಲೆಗೆ ಹೊರಡುವ ಮುಂಚೆ ಕ್ಯಾನು ಹಿಡಿದು ಡೈರಿಗೆ ಹೋಗಿ ಬರುವ ಮಕ್ಕಳು ತರಗತಿಯಲ್ಲಿ ಇದ್ದೇ ಇರುತ್ತಾರೆ. ಹಾಲಿನ ಚೀಟಿಯಲ್ಲಿ ಫ್ಯಾಟ್ ಎಂಬ ಕೊಬ್ಬಿನ ಅಂಶದ, ಎಸ್‌ಎನ್‌ಎಫ್ ಎಂಬ ಕೊಬ್ಬಲ್ಲದ ಘನಾಂಶದ ಅಂಕಿಗಳಿರುವುದೂ, ಫ್ಯಾಟ್ ಹೆಚ್ಚಿದ್ದರೆ ದರ ಹೆಚ್ಚು ಸಿಗುವುದೂ ಅವರಿಗೆ ಗೊತ್ತು. ಹಲಗೆಯ ಮೇಲೆ ಎರಡೇ ಸಾಲು ಬರೆಯಿರಿ: ಮೊದಲನೆಯ ಮನೆಯ ಹಾಲಿನ ಫ್ಯಾಟ್ 3.9, ಎರಡನೆಯ ಮನೆಯದು 3.85. ‘ಯಾರ ಹಾಲಿಗೆ ಹೆಚ್ಚು ದರ ಸಿಗಬೇಕು? ಮಾತಾಡಬೇಡಿ, ನೋಟ್‌ಪುಸ್ತಕದಲ್ಲಿ ಬರೆಯಿರಿ.’ ಬರೆಸುವುದು ಕಡ್ಡಾಯ. ಬರೆಯದಿದ್ದರೆ ಹತ್ತು ನಿಮಿಷದ ನಂತರ ಎಲ್ಲರೂ ‘ನನಗೆ ಮೊದಲೇ ಗೊತ್ತಿತ್ತು’ ಎನ್ನುವವರೇ. ಎರಡೂ ಪಕ್ಷದವರು ಎಷ್ಟು ಮಂದಿ ಎಂದು ಬೆರಳೆಣಿಸಿ ಹಲಗೆಯ ಮೂಲೆಯಲ್ಲಿ ಬರೆದುಕೊಳ್ಳಿ. ಉತ್ತರ ಹೇಳಬೇಡಿ, ನೇರವಾಗಿ ಗೆರೆ ಎಳೆಯಲು ಹೊರಡಿ.

ಇಲ್ಲಿ ಕೆಡುವ ದಾರಿಗಳು ಮೂರು. ಮೊದಲನೆಯದು, ಮಾತು ಹಾಲಿನ ಕಡೆಗೆ ಹರಿದುಹೋಗುವುದು. ದರ ಇಳಿದದ್ದು, ಹಸು ಕರು ಹಾಕಿದ್ದು, ಬೂಸಾ ದುಬಾರಿಯಾದದ್ದು, ಎಲ್ಲವೂ ಬರುತ್ತವೆ, ಹನ್ನೆರಡು ನಿಮಿಷ ಹೋದದ್ದೇ ತಿಳಿಯುವುದಿಲ್ಲ. ಬರೆಯಿರಿ ಎಂದು ಮೌನ ಹೇರುವುದರಿಂದ ಇದಕ್ಕೂ ಕಡಿವಾಣ ಬೀಳುತ್ತದೆ.

ಎರಡನೆಯದು ಸೂಕ್ಷ್ಮ. ಮಕ್ಕಳಿಂದಲೇ ಅವರ ಮನೆಯ ಚೀಟಿ ತರಿಸುವುದು ಒಳ್ಳೆಯ ಚಟುವಟಿಕೆಯಂತೆ ಕಾಣುತ್ತದೆ. ಅಂಕಿ ಕಡಿಮೆ ಇದ್ದ ಮನೆಯ ಮಗುವಿಗೆ ‘ನೀರು ಬೆರೆಸಿದ್ದಾರೆ’ ಎಂಬ ಮಾತು ಮಧ್ಯಾಹ್ನದ ಬಿಸಿಯೂಟದ ಸಾಲಿನಲ್ಲೇ ಕೇಳಿಬರುತ್ತದೆ. ಹಸುವೇ ಇಲ್ಲದ ಮನೆಯ ಮಗು ಬರಿಗೈಯಲ್ಲಿ ಕೂತಿರಬೇಕಾಗುತ್ತದೆ. ಮೊದಲನೆಯ ಮನೆ, ಎರಡನೆಯ ಮನೆ ಎನ್ನುವುದೇ ಲೇಸು. ಊರಿನ ಯಾರ ಹೆಸರನ್ನೂ ಇಡಬೇಡಿ.

ಮೂರನೆಯದು ದುಡ್ಡಿನ ಉದಾಹರಣೆ. ದಶಮಾಂಶ ಎಂದ ಕೂಡಲೇ ರೂಪಾಯಿ, ಪೈಸೆ ನೆನಪಾಗುತ್ತದೆ, ಆದರೆ ಈ ಪಾಠಕ್ಕೆ ಅದು ಒಗ್ಗುವುದಿಲ್ಲ. 3.85ನ್ನು ಮೂರು ರೂಪಾಯಿ ಎಂಬತ್ತೈದು ಪೈಸೆ ಎಂದು ಓದಿದ ಮಗು 3.9ನ್ನು ಮೂರು ರೂಪಾಯಿ ಒಂಬತ್ತು ಪೈಸೆ ಎನ್ನುತ್ತದೆ. ನೀವು ಬಿಡಿಸಬೇಕೆಂದಿರುವ ಗಂಟನ್ನು ಉದಾಹರಣೆಯೇ ಬಿಗಿದಂತಾಗುತ್ತದೆ. ಡೈರಿಯಲ್ಲಿ ‘ಮೂರು ಎಂಬತ್ತೈದು’ ಎಂದೇ ಕೂಗುತ್ತಾರೆ, ಅದನ್ನು ತಿದ್ದಲು ಹೋಗಬೇಡಿ. ತರಗತಿಯಲ್ಲಿ ಮಾತ್ರ ನೀವು ‘ಮೂರು ಬಿಂದು ಎಂಟು ಐದು’ ಎಂದು ಒಂದೊಂದೇ ಅಂಕಿಯಾಗಿ ಓದಿ.

ಹೀಗೆ ಪೀಠಿಕೆಗೆ 5, ತೋರಿಸಲು 8, ಜೊತೆ ಅಭ್ಯಾಸಕ್ಕೆ 15, ಸ್ವಂತ ಅಭ್ಯಾಸಕ್ಕೆ 6, ಚೀಟಿಗೆ 6 ನಿಮಿಷ. ಹಾಜರಿ ಕರೆಯುವ ಮೊದಲ ಅವಧಿಯಾದರೆ ಸ್ವಂತ ಅಭ್ಯಾಸದಿಂದ ಮೂರು ನಿಮಿಷ ಕಳೆಯಿರಿ. ಪೀಠಿಕೆಯಲ್ಲಿ ತಪ್ಪು ಬರೆದವರಿಗೆ ಚೀಟಿಗೆ ಮುಂಚೆ ಒಂದು ನಿಮಿಷ ಕೊಟ್ಟು, ಹಳೆಯ ಉತ್ತರವನ್ನು ಅಳಿಸದೆ ಅದರ ಕೆಳಗೆ ಹೊಸದನ್ನು ಬರೆಯಲು ಹೇಳಿ.

ಐದನೇ ಹೆಜ್ಜೆ: ಚೀಟಿಗಳನ್ನು ವಿಂಗಡಿಸುವುದು

ಚೀಟಿ ಬರೆಯುವಾಗ ಚೀಲಗಳನ್ನು ನಡುವೆ ಇರಿಸಿ, ಗುಂಪು ಚರ್ಚೆ ಬೇಡ. ಹೆಸರು ಬರೆಸಿ, ಆದರೆ ಅಂಕ ಹಾಕಬೇಡಿ. ಟಿಕ್ ಗುರುತು ಕೂಡ ಬೇಡ, ಗುಡ್ಡೆ ಮಾಡಿದರೆ ಸಾಕು. ಸಿಬ್ಬಂದಿ ಕೊಠಡಿಯಲ್ಲಿ ಚಹಾ ಕುಡಿಯುತ್ತಲೇ ಮುಗಿಯುವ ಕೆಲಸ.

32 ಚೀಟಿಗಳು ಹೀಗೆ ಬಂದವು ಎಂದುಕೊಳ್ಳಿ. ಮೂರೂ ಸರಿ ಇರುವವು 20. ಮೊದಲನೆಯದು ತಪ್ಪಾಗಿ ಎರಡನೆಯದು ಸರಿಯಾದವು 6. ಮೊದಲನೆಯದು ಸರಿಯಾಗಿ ಎರಡನೆಯದು ತಪ್ಪಾದವು 3. ಮೊದಲೆರಡು ಸರಿ, ಮೂರನೆಯದು ಖಾಲಿ ಇರುವವು 2. ಮೊದಲೆರಡೂ ತಪ್ಪಾದದ್ದು 1.

‘32ರಲ್ಲಿ 20, ಪರವಾಗಿಲ್ಲ’ ಎಂದು ಕಟ್ಟಿಟ್ಟುಬಿಟ್ಟರೆ ಚೀಟಿ ಬರೆಸಿದ್ದು ವ್ಯರ್ಥ. ಆ ಆರು ಮಂದಿಗೆ ‘ಉದ್ದದ್ದು ದೊಡ್ಡದು’ ಎಂಬುದು ಇನ್ನೂ ಬಿಟ್ಟಿಲ್ಲ. ಮಾರನೆಯ ದಿನ ಉಳಿದವರು ಅಭ್ಯಾಸ ಮಾಡುತ್ತಿರುವಾಗ ಆರು ಮಂದಿಯನ್ನು ಹಲಗೆಯ ಬಳಿ ಕರೆದು, ಅವರ ಕೈಯಿಂದಲೇ 6ರಿಂದ 7ರವರೆಗಿನ ಗೆರೆಯನ್ನು ಹತ್ತು ಭಾಗ ಮಾಡಿಸಿ, 6.64 ಎಲ್ಲಿ ಬರುತ್ತದೆ ಎಂದು ಹುಡುಕಿಸಿ.

ಮೂವರ ಕಥೆ ಬೇರೆ. ಅವರಿಗೆ 6.7ರ ಲೆಕ್ಕ ಕೊಟ್ಟು ಏನೂ ಪ್ರಯೋಜನವಿಲ್ಲ, ಅದು ಅವರಿಗೆ ಆಗಲೇ ‘ಬರುತ್ತದೆ’. 2.3ರ ಮೇಲೆ ಬೆರಳಿಟ್ಟು, ಅಲ್ಲಿಂದ ಇನ್ನೂ ಎಂಟು ಪುಟ್ಟ ಗೆರೆ ಮುಂದಕ್ಕೆ ಹೋಗಲು ಹೇಳಿ. ಈ ಗುಡ್ಡೆ ಮೂರರ ಬದಲು ಹತ್ತಾಗಿದ್ದರೆ ಮಕ್ಕಳನ್ನಲ್ಲ, ಜೊತೆ ಅಭ್ಯಾಸದ ನಿಮ್ಮ ಸರದಿಯನ್ನು ಮೊದಲು ನೋಡಿ. ಎರಡನೆಯ ಲೆಕ್ಕವನ್ನು ಅವಸರದಲ್ಲಿ ದಾಟಿಸಿರುವ ಸಾಧ್ಯತೆ ಹೆಚ್ಚು.

ಮೂರನೆಯದನ್ನು ಖಾಲಿ ಬಿಟ್ಟ ಇಬ್ಬರಿಗೆ ಸಮಯ ಸಾಲದೆ ಹೋಗಿರಬಹುದು, ಇಲ್ಲವೇ 5.1ರ ಮುಂದಿನ ಸಂಖ್ಯೆ 5.2 ಎಂದೇ ಅವರು ತಿಳಿದಿರಬಹುದು. ಬಾಯಲ್ಲಿ ಕೇಳಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಮೊದಲೆರಡೂ ತಪ್ಪಾದ ಆ ಒಬ್ಬನಲ್ಲಿ ನಿಯಮವೇ ಕಾಣುವುದಿಲ್ಲ. ‘ಯಾವುದು ದೊಡ್ಡದು’ ಎನ್ನುವುದನ್ನು ‘ಚಿಕ್ಕದು’ ಎಂದು ಓದಿಕೊಂಡಿದ್ದಾನೋ, ಆ ದಿನ ಜ್ವರವಿತ್ತೋ, ಅವನನ್ನು ಕೇಳಿಯೇ ತಿಳಿಯಬೇಕು.

ಮೂರೂ ಸರಿ ಬರೆದವರು ಅರ್ಧಕ್ಕಿಂತ ಕಡಿಮೆಯಿದ್ದರೆ ಗುಂಪು ಮಾಡುವ ಮಾತೇ ಬೇಡ. ಇಡೀ ತರಗತಿಗೆ ಮತ್ತೆ ಪಾಠವಾಗಬೇಕು, ಬೇರೆ ಸಾಧನದಿಂದ. ನೂರು ಚೌಕವಿರುವ ಗ್ರಾಫ್ ಹಾಳೆಯ ತುಂಡಿನಲ್ಲಿ 0.7 ಮತ್ತು 0.64ಕ್ಕೆ ಬಣ್ಣ ಹಚ್ಚಿಸಬಹುದು. ಏಳು ಪೂರ್ತಿ ಸಾಲು ಒಂದು ಕಡೆ, ಆರು ಸಾಲು ಮತ್ತು ನಾಲ್ಕು ಚೌಕ ಇನ್ನೊಂದು ಕಡೆ.

ಎರಡು ದಿನ ಬಿಟ್ಟು ಇದೇ ಮೂರು ಪ್ರಶ್ನೆಗಳನ್ನು ಬೇರೆ ಸಂಖ್ಯೆಗಳೊಂದಿಗೆ ಮತ್ತೊಮ್ಮೆ ಬರೆಸಿ: 8.4 ಮತ್ತು 8.29, 1.6 ಮತ್ತು 1.63, 7.3 ಮತ್ತು 7.4ರ ನಡುವಿನ ಸಂಖ್ಯೆ. ಮೊದಲ ದಿನ ಸರಿ ಬರೆದವರಲ್ಲೂ ಕೆಲವರು ಹಳೆಯ ನಿಯಮಕ್ಕೆ ಮರಳಿರುತ್ತಾರೆ. ಈ ಚೀಟಿಗಳನ್ನು ರೂಪಣಾತ್ಮಕ ಮೌಲ್ಯಮಾಪನದ ಅಂಕಕ್ಕೆ ಸೇರಿಸಬೇಡಿ. ಅಂಕವಿದೆ ಎಂದು ತಿಳಿದ ದಿನದಿಂದ ಪಕ್ಕದವನ ಚೀಟಿಯ ಉತ್ತರವೇ ಎಲ್ಲ ಚೀಟಿಗಳಲ್ಲೂ ಇರುತ್ತದೆ, ಆಮೇಲೆ ಗುಡ್ಡೆ ಮಾಡಲು ಏನೂ ಉಳಿಯುವುದಿಲ್ಲ.